ಗೋಡೆಗೆ ಮುಖ ಮಾಡಿದ ಹಸಿರು ಕುರ್ಚಿಗಳು

ಆ ಕಾರ್ಖಾನೆಲಿ ಕ್ಷಮೆ ಕೇಳೋಕೆ ಅಂತಲೇ ಸಂಬಳ ಕೊಟ್ಟು ಒಬ್ಬಳನ್ನ ಇಟ್ಕೊಂಡಿದ್ರು. ನಗಬೇಡಿ, ನಿಜ. ಸಲೂನುಗಳಿಗೆ ಬೇಕಾದ ಕುರ್ಚಿ ಮಾಡೋ ಕಾರ್ಖಾನೆ ಅದು. ಮೇಲೆ ಕೆಳಗೆ ಏರಿಳಿಯೋದು, ಬೆನ್ನು ಹಿಂದಕ್ಕೆ ವಾಲೋದು, ಗಿರಗಿರ ತಿರುಗೋದು, ಕಾಲಿಡೋಕೆ ಮೆಟ್ಟಿಲಿರೋದು, ಅಂಥವು. ಮಾಡೋರು ಚೆನ್ನಾಗೇ ಮಾಡ್ತಿದ್ರು. ಆದ್ರೆ ಹೇಳಿದ ದಿನಕ್ಕೆ ಕೊಟ್ಟಿದ್ದು ನೋಡಿದೋರು ಕಮ್ಮಿ. ಅದಕ್ಕೇ ಮೇಲಿನ ಮಹಡಿಲಿ, ಕಿಟಕಿ ಪಕ್ಕ, ಕಂಪ್ಯೂಟರ್ ಮುಂದೆ ಅವಳು. ಗಿರಾಕಿಗಳಿಗೆ ಇಮೇಲ್ ಬರೆಯೋದು ಅವಳ ಕೆಲಸ. ಹತ್ತರಲ್ಲಿ ಎಂಟು ಇಮೇಲು "ದಯವಿಟ್ಟು ಕ್ಷಮಿಸಿ" ಅಂತಲೇ ಶುರು. ಹಾಗಾಗಿ ಇಡೀ ಕಾರ್ಖಾನೆಗೆ ಅವಳು ಕ್ಷಮಿಸಮ್ಮ. ಹೆತ್ತೋರಿಟ್ಟ ಹೆಸರು ಸಂಬಳದ ಚೀಟಿಲಿ ಮಾತ್ರ ಉಳಕೊಂಡಿತ್ತು.

ಅವಳು ಕ್ಷಮೆ ಕೇಳಿದ್ರೆ ಕಲ್ಲೂ ಕರಗಬೇಕು. ದೂರದ ಒಬ್ಬ ಗಿರಾಕಿ ಅವಳ ಕ್ಷಮಾಪಣೆ ಓದಿ ಎಷ್ಟು ಖುಷಿಪಟ್ಟ ಅಂದ್ರೆ, ಮುಂದಿನ ವರ್ಷ ಮತ್ತೆ ನಾಲ್ಕು ಕುರ್ಚಿ ಹೇಳಿ, "ಆದಷ್ಟು ತಡವಾಗಿ ಕಳಿಸಿ, ಆಯಮ್ಮನ ಕೈಲಿ ಇನ್ನೊಂದು ಬರೆಸಿ" ಅಂದನಂತೆ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಇನ್ನೊಬ್ಬರು ಬೈಯೋಕೆ ಅಂತ ಫೋನ್ ಮಾಡಿ, ಕೊನೆಗೆ ತಮ್ಮ ಮಗಳಿಗೆ ಗಂಡು ಹುಡುಕಿಕೊಡಿ ಅಂತ ಕೇಳಿ ಫೋನಿಟ್ಟರಂತೆ.

ಗುಟ್ಟೇನೂ ಇರಲಿಲ್ಲ ಅದರಲ್ಲಿ. "ಕೆಲವು ಅನಿವಾರ್ಯ ಕಾರಣಗಳಿಂದ" ಅಂತ ಅವಳು ಒಂದು ದಿನವೂ ಬರೆದೋಳಲ್ಲ. ಏನಾಯ್ತು, ಯಾರಿಂದಾಯ್ತು, ಈಗ ನಾವು ಏನು ಮಾಡ್ತೀವಿ, ಸಾಮಾನು ಯಾವತ್ತು ನಿಮ್ಮ ಬಾಗಿಲಿಗೆ ಬರುತ್ತೆ. ಇಷ್ಟೇ. ಕೆಳಗೆ ಅವಳ ಸ್ವಂತ ಹೆಸರು, ಅವಳ ಫೋನ್ ನಂಬರು. ತಾರೀಕು ಬರೆಯೋ ಮುಂಚೆ ಕೆಳಗೆ ಗೋಡೌನಿಗಿಳಿದು ಕುರ್ಚಿ ಮೇಲೆ ಕೂತು ನೋಡೋಳು. ಪಂಪ್ ಒತ್ತಿದ್ರೆ ಏರಬೇಕು, ಬಿಟ್ಟರೆ ನಿಧಾನಕ್ಕೆ ಇಳೀಬೇಕು. ಒಂದ್ಸಲ ಪಂಪ್ ಕೆಟ್ಟು ಕುರ್ಚಿ ಏರ್ತಾ ಏರ್ತಾ ಹೋಗಿ, ಕ್ಷಮಿಸಮ್ಮ ಸೂರಿನ ಫ್ಯಾನ್ ಹಿಡ್ಕೊಂಡು ಕೂಗಿದ್ಲು ಅಂತ ಕಾರ್ಖಾನೆಲಿ ಇವತ್ತಿಗೂ ಹೇಳ್ತಾರೆ. ಫ್ಯಾನು ತಿರುಗ್ತಿತ್ತು ಅಂತ ಸೇರಿಸೋರೂ ಉಂಟು.

ಎರಡು ವರ್ಷದಿಂದ ಮಂಡಿನೋವು ಅಮರಿಕೊಂಡಿತ್ತು. ಹತ್ತಿ ಇಳಿಯೋದು ಆಗ್ತಿರಲಿಲ್ಲ. ಅದಕ್ಕೆ ಗೋಡೌನಲ್ಲಿ ಅವಳೇ ಒಂದು ಪದ್ಧತಿ ತಂದಿದ್ಲು. ಎಲ್ಲಾ ಮುಗಿದು, ಪಂಪ್ ಕೂತು, ಲಾರಿ ಹತ್ತೋಕೆ ತಯಾರಾದ ಕುರ್ಚಿ ಬಾಗಿಲ ಕಡೆ ಮುಖ ಮಾಡಿರಬೇಕು. ಏನಾದ್ರೂ ಬಾಕಿ ಇದ್ದ ಕುರ್ಚಿ ಗೋಡೆ ಕಡೆ. ಶಾಲೇಲಿ ಮೇಷ್ಟ್ರು ತಂಟೆಕೋರರನ್ನ ನಿಲ್ಲಿಸ್ತಿದ್ರಲ್ಲ, ಹಾಗೆ. ಅವಳ ಮೇಜಿನ ಪಕ್ಕದ ಕಿಟಕಿಯಿಂದ ಬಗ್ಗಿದ್ರೆ ಇಡೀ ಗೋಡೌನು ಕಾಣೋದು. ಒಂದು ನೋಟಕ್ಕೆ ಗೊತ್ತಾಗೋದು, ಯಾವುದು ಹೊರಡುತ್ತೆ, ಯಾವುದು ಇಲ್ಲ ಅಂತ.

ಗೋಡೌನು ನೋಡ್ಕೊಳ್ತಿದ್ದೋನು ಯಾರೋ ಅಲ್ಲ, ಅವಳ ತಂಗಿ ಗಂಡ. ಕೆಲಸ ಇಲ್ಲದೆ ಮನೇಲಿ ಕೂತಿದ್ದೋನನ್ನ ಯಜಮಾನರ ಕೈಕಾಲು ಹಿಡಿದು ಸೇರಿಸಿದ್ದೇ ಇವಳು. ಒಳ್ಳೇ ಮಾತುಗಾರ. ಬೆಳಗ್ಗೆ ಬಂದ ತಕ್ಷಣ ಕೆಳಗಿಂದ ಕೂಗೋನು, "ಅತ್ತಿಗೇ, ಇವತ್ತು ಯಾರ ಕಾಲಿಗೆ ಬೀಳ್ತೀರಿ?"

"ಮೊದಲು ನಿನ್ನ ಕಾಲಿಗೆ ಕಣಪ್ಪ, ಆಮೇಲೆ ಉಳಿದೋರದ್ದು," ಅನ್ನೋಳು ಇವಳು.

ದಿನಾ ಇದೇ. ಮಧ್ಯಾಹ್ನ ಊಟದ ಡಬ್ಬಿನೂ ಒಟ್ಟಿಗೇ ಬಿಚ್ಚೋರು. ಅವನ ಡಬ್ಬಿಲಿ ತಂಗಿ ಅಡುಗೆ ಉಪ್ಪಿಲ್ಲದೆ ಬಂದ್ರೆ ಇವಳು ತನ್ನದನ್ನ ಅತ್ತ ತಳ್ಳೋಳು.

ಇನ್ನೊಬ್ಬ ಇದ್ದ, ಮಾರಾಟ ನೋಡ್ಕೊಳ್ಳೋನು. ಅವನಿಗೆ ಆಗ್ಬಿಡುತ್ತೆ ಅಂತ ಹೆಸರು. ಗಿರಾಕಿ ಏನು ಕೇಳಿದ್ರೂ "ಆಗ್ಬಿಡುತ್ತೆ ಸಾರ್". ನಾಳೆ ಕಳಿಸ್ತೀರಾ? ಆಗ್ಬಿಡುತ್ತೆ. ಕುರ್ಚಿ ಹಾರುತ್ತಾ? ಅದೂ ಆಗ್ಬಿಡುತ್ತೆ. ಅವನು ಆಗಿಸಿದ್ದಕ್ಕೆಲ್ಲ ಕ್ಷಮೆ ಕೇಳೋ ಪಾಳಿ ಇವಳದು.

ಆ ಸಲ ಹಸಿರು ಕುರ್ಚಿಯೋರ ಸಾಮಾನು ಐದನೇ ತಾರೀಕಿಗೆ ಹೋಗಬೇಕಿತ್ತು. ಹಸಿರು ಕುರ್ಚಿಯೋರು ಅಂದ್ರೆ, ಅರ್ಧ ಆಯಸ್ಸು ಬೇರೆಯೋರ ಸಲೂನಲ್ಲಿ ನಿಂತು ಕತ್ತರಿ ಆಡಿಸಿ, ಈಗ ಸ್ವಂತ ಅಂಗಡಿ ಇಡ್ತಿದ್ದ ಮನುಷ್ಯ. ಹದಿನೈದಕ್ಕೆ ಅಂಗಡಿ ತೆರೀಬೇಕು. ಎರಡೇ ಕುರ್ಚಿ. ಆದ್ರೆ ಅದಕ್ಕೆ ಅವರು ಮಾಡಿದ ಫೋನು ಇನ್ನೂರು ಕುರ್ಚಿ ತಗೊಳ್ಳೋರೂ ಮಾಡಿರಲಿಕ್ಕಿಲ್ಲ. ಎಳೆ ಎಲೆ ಹಸಿರು ರೆಕ್ಸಿನ್, ಅಂಚಿಗೆ ಹಳದಿ ಪಟ್ಟಿ. "ಮೇಡಂ, ಈ ಬಣ್ಣಕ್ಕೆ ನನ್ನ ಮಗಳ ಜೊತೆ ಒಂದು ವಾರ ಜಗಳ ಆಡಿದೀನಿ. ಅವಳು ಕಪ್ಪು ಅಂತಾಳೆ. ಕಪ್ಪು ಕುರ್ಚಿಲಿ ಕೂತು ಕೂತು ಜನಕ್ಕೆ ಬೇಜಾರು ಬಂದಿದೆ, ಅಲ್ವಾ?" ಅಂತ ಕೇಳಿದ್ರು. ಕ್ಷಮಿಸಮ್ಮ ತನಗೂ ಹಸಿರೇ ಇಷ್ಟ ಅಂದ್ಲು. ಅವತ್ತಿಂದ ಆ ಮನುಷ್ಯ ಅವಳನ್ನ ತನ್ನ ಪಕ್ಷದೋಳು ಅಂತ್ಲೇ ಲೆಕ್ಕ ಹಾಕಿದ್ರು.

ನಾಲ್ಕನೇ ತಾರೀಕು ಬೆಳಗ್ಗೆ ತಂಗಿ ಗಂಡ ಕೆಳಗಿಂದ ಫೋನ್ ಮಾಡ್ದ. "ಅತ್ತಿಗೆ, ಹಸಿರು ಕುರ್ಚಿದು ಪಂಪ್ ಬಂದಿಲ್ಲ. ಪಂಪಿನೋರು ಕೈ ಎತ್ತಿದಾರೆ. ಒಂದು ವಾರ ಅಂತೆ."

"ನಿನ್ನೆ ಬಂತು ಅಂದ್ಯಲ್ಲೋ?"

"ಅದು ಬೇರೆ ಲಾಟಿಂದು ಅತ್ತಿಗೆ. ಬೇಕಾದ್ರೆ ಕಿಟಕೀಲಿ ನೋಡಿ."

ಅವಳು ಕಿಟಕಿಗೆ ಬಗ್ಗಿದ್ಲು. ನಿಜ. ಎರಡೂ ಹಸಿರು ಕುರ್ಚಿ ಗೋಡೆಗೆ ಮುಖ ಮಾಡಿ ಕೂತಿದ್ವು, ಮುನಿಸಿಕೊಂಡ ಅಕ್ಕತಂಗಿಯರ ಹಾಗೆ. ಇಳಿದು ಹೋಗಿ ಕೂತು ನೋಡೋಣ ಅನ್ನಿಸ್ತು. ಮಂಡಿ ಬೇಡ ಅಂತು. ಹೇಳ್ತಿರೋನು ಮನೆಯೋನು, ಕಣ್ಣಿಗೂ ಕಾಣ್ತಿದೆ, ಇನ್ನೇನು ಬೇಕು? ಕೂತು ಇಮೇಲ್ ಬರೆದ್ಲು. ಪಂಪ್ ಒದಗಿಸೋರಿಂದ ತಡ ಆಗಿದೆ, ಕ್ಷಮಿಸಿ, ಹನ್ನೆರಡನೇ ತಾರೀಕು ಸಂಜೆಯೊಳಗೆ ಕುರ್ಚಿ ನಿಮ್ಮ ಅಂಗಡೀಲಿ ಇರುತ್ತೆ, ಸಾಗಣೆ ಖರ್ಚು ನಮ್ಮದು. ಕೆಳಗೆ ಅವಳ ಹೆಸರು.

ಹತ್ತೇ ನಿಮಿಷಕ್ಕೆ ಉತ್ತರ ಬಂತು. "ನೀವು ಹೇಳಿದ್ರೆ ಮುಗೀತು ಮೇಡಂ. ಹನ್ನೆರಡಕ್ಕೆ ಕಾಯ್ತೀನಿ."

ಒಂಬತ್ತನೇ ತಾರೀಕು ಫೋನ್ ಬಂತು. ಧ್ವನಿ ಅವರದ್ದೇ, ಆದ್ರೆ ಮೇಡಂ ಅನ್ನೋದು ಇರಲಿಲ್ಲ.

"ನಿಮ್ಮ ಪಂಪ್ ಬಂತಾ?"

"ಬರ್ತಿದೆ ಸಾರ್, ಹನ್ನೆರಡಕ್ಕೆ..."

"ಬರೋದು ಬೇಡ ಬಿಡಿ. ನನ್ನ ಅಂಗಡಿ ಎದುರಿಗೇ, ರಸ್ತೆ ಆ ಕಡೆ, ಊರೂರಲ್ಲಿ ಅಂಗಡಿ ಇರೋ ದೊಡ್ಡ ಸಲೂನಿನೋರು ಹೊಸದೊಂದು ತೆರೆದಿದಾರೆ. ಗಾಜಿನ ಬಾಗಿಲು. ಒಳಗೆ ಎರಡು ಹಸಿರು ಕುರ್ಚಿ, ಅಂಚಿಗೆ ಹಳದಿ ಪಟ್ಟಿ. ಗಿರಾಕಿ ಹಾಗೆ ಹೋಗಿ ಕೂತು ಬಂದೆ. ಪಂಪ್ ತುಂಬಾ ಚೆನ್ನಾಗಿದೆ. ಮೆತ್ತಗೆ ಏರುತ್ತೆ."

ಅವಳು ಫೋನನ್ನ ಇನ್ನೊಂದು ಕಿವಿಗೆ ಬದಲಾಯಿಸಿದ್ಲು.

"ನನ್ನ ಮಗಳು ಏನಂದ್ಲು ಗೊತ್ತಾ? 'ಅಪ್ಪ, ಈಗ ನಾವು ಹಸಿರು ಹಾಕಿದ್ರೆ ಅವರನ್ನ ನೋಡಿ ಹಾಕಿದಾರೆ ಅಂತಾರೆ.' ನನ್ನ ಬಣ್ಣ, ನಾನು ಕದ್ದ ಹಾಗಾಯ್ತು. ಇರಲಿ. ಆದ್ರೆ ನೀವು ಬರೆದ್ರಲ್ಲ, ನಿಮ್ಮ ಹೆಸರು ಹಾಕಿ..." ಅಷ್ಟಕ್ಕೇ ನಿಲ್ಲಿಸಿ ಫೋನಿಟ್ಟರು.

ಕ್ಷಮಿಸಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ಲು. ಮಂಡಿನೋವು ಎಲ್ಲಿ ಹೋಯ್ತೋ, ದಡದಡ ಮೆಟ್ಟಿಲಿಳಿದ್ಲು. ಹನ್ನೆರಡರವರೆಗೆ ಹೊತ್ತಿದೆ ಅಂತ ಈಚೆಗೆ ಅವಳು ಆ ಗೋಡೆ ಕಡೆ ಬಗ್ಗಿ ನೋಡಿರಲೂ ಇಲ್ಲ. ಗೋಡೆ ಹತ್ತಿರ ಹಸಿರೂ ಇಲ್ಲ, ಹಳದಿನೂ ಇಲ್ಲ. ನೆಲದ ಮೇಲೆ ಕುರ್ಚಿ ಪಾದದ ಎರಡು ಗುಂಡನೆ ಗುರುತು, ಧೂಳಿನ ಮಧ್ಯೆ.

"ಎಲ್ಲೋ ಅವು?"

ತಂಗಿ ಗಂಡ ಒಂದು ಪೆಟ್ಟಿಗೆಗೆ ಹಗ್ಗ ಬಿಗೀತಿದ್ದ. ಬಿಗೀತಾನೇ ಇದ್ದ. "ಯಾವು ಅತ್ತಿಗೆ?"

"ನನ್ನ ಮುಖ ನೋಡಿ ಮಾತಾಡು."

"ಮಾರಾಟದ ಆಗ್ಬಿಡುತ್ತೆ ಸಾರ್ ಹೇಳಿದ್ರು. ದೊಡ್ಡ ಪಾರ್ಟಿ, ಇಪ್ಪತ್ತು ಕುರ್ಚಿಯ ಆರ್ಡರು, ಅದರಲ್ಲಿ ಎರಡು ಕಮ್ಮಿ ಬಿದ್ವು. ಇವರದ್ದು ಎರಡೇ ತಾನೆ, ಒಂದು ವಾರದಲ್ಲಿ ಬೇರೆ ಮಾಡಿಕೊಟ್ರಾಯ್ತು ಅಂದ್ರು."

"ಅಂದ್ರೆ ಪಂಪ್ ಇತ್ತು?"

ಅವನು ಹಗ್ಗಕ್ಕೆ ಇನ್ನೊಂದು ಗಂಟು ಹಾಕ್ದ.

"ಪಂಪ್ ಕೂತಿತ್ತು. ಕುರ್ಚಿ ತಯಾರಿತ್ತು. ಬಾಗಿಲ ಕಡೆ ಮುಖ ಮಾಡಿ ಇಟ್ಟಿದ್ದೆ ನೀನು. ಆಮೇಲೆ ತಿರುಗಿಸಿದೆ. ನಾನು ಕಿಟಕೀಲಿ ನೋಡ್ತೀನಿ ಅಂತ ಗೊತ್ತಿದ್ದೇ ತಿರುಗಿಸಿದೆ. ಅಲ್ವಾ?"

"ನೀವು ಸುಳ್ಳು ಬರೆಯಲ್ಲ ಅಂತ ಎಲ್ಲರಿಗೂ ಗೊತ್ತು ಅತ್ತಿಗೆ," ಅಂದ ಅವನು ತಗ್ಗಿದ ದನೀಲಿ. "ನಿಜ ಹೇಳಿದ್ರೆ ನೀವು ಬರೀತಿರಲಿಲ್ಲ. ಅದಕ್ಕೇ..."

ಅವಳಿಗೆ ಚುಚ್ಚಿದ್ದು ಇದೇ. ಆಗ್ಬಿಡುತ್ತೆ ಸುಳ್ಳು ಹೇಳಿದ್ರೆ ಅದು ಅವನ ಹುಟ್ಟುಗುಣ, ಅದಕ್ಕೆ ಯಾರು ಅಳ್ತಾರೆ? ಇವನು ಅವಳ ಡಬ್ಬಿ ಅನ್ನ ತಿಂದೋನು. ಅವಳು ಎಲ್ಲಿ ನಂಬ್ತಾಳೆ, ಎಷ್ಟು ನಂಬ್ತಾಳೆ ಅಂತ ಒಳಗಿಂದ ಗೊತ್ತಿದ್ದೋನು. ಅವಳೇ ಹಾಕಿಕೊಟ್ಟ ಪದ್ಧತಿ ಹಿಡ್ಕೊಂಡು ಅವಳ ಕಣ್ಣಿಗೇ ಮಣ್ಣೆರಚಿದ್ದ. ಹೊರಗಿನೋರಿಗೆ ಅಷ್ಟು ಸರಿಯಾಗಿ ಗುರಿ ಇಡೋಕೆ ಬರಲ್ಲ.

ಅವಳು ಬೈಯಲಿಲ್ಲ. ಬೈದಿದ್ರೆ ಅವನು ಹಗುರಾಗ್ತಿದ್ದ.

ಅಲ್ಲಿಂದ ನೇರ ಹೊಲಿಗೆಯೋರ ಹತ್ತಿರ ಹೋದ್ಲು. ಅದೇ ಹಸಿರಿನ ಎರಡು ಕುರ್ಚಿ ಹೊಸದಾಗಿ ಮಾಡೋಕೆ ಎಷ್ಟು ದಿನ? ಹಸಿರು ರೆಕ್ಸಿನ್ ಮುಗಿದಿದೆ ಅಂದ್ರು. ರೆಕ್ಸಿನ್ ಅಂಗಡಿಗೆ ಫೋನ್ ಮಾಡಿ ಕೇಳಿದ್ಲು, ತರಿಸೋಕೆ ಒಂದು ವಾರ. ಹೊಲಿಯೋಕೆ ಎರಡು ದಿನ, ಚೌಕಟ್ಟಿಗೆ ಕೂರಿಸಿ ಪಂಪ್ ಹಾಕಿ ನೋಡೋಕೆ ಇನ್ನೆರಡು, ದಾರಿಗೆ ಒಂದು. ಪಂಪ್ ಇದೆಯಾ ಅಂತ ಪೆಟ್ಟಿಗೆ ತೆಗೆಸಿ ಕೈಯಲ್ಲಿ ಮುಟ್ಟಿ ನೋಡಿದ್ಲು. ಅದರ ಮೇಲೆ ಎರಡು ದಿನ ರೆಕ್ಸಿನ್ನಿನೋರು ಮಾತು ತಪ್ಪೋಕೆ, ಮೂರು ದಿನ ನಮ್ಮೋರು ಮಾತು ತಪ್ಪೋಕೆ. ಒಟ್ಟು ಇಪ್ಪತ್ತಾರನೇ ತಾರೀಕು.

ಆಗ್ಬಿಡುತ್ತೆ ಅವಳ ಮೇಜಿನ ಹತ್ತಿರವೇ ಕಾಯ್ತಿದ್ದ, ಏನೂ ಆಗೇ ಇಲ್ಲ ಅನ್ನೋ ಹಾಗೆ. "ಇಪ್ಪತ್ತಾರು ಅಂತ ಯಾರಾದ್ರೂ ಬರೀತಾರಾ? ಹದಿನಾಲ್ಕು ಅಂತ ಬರೀರಿ. ಅಂಗಡಿ ತೆರೆಯೋ ಮುಂಚೆ ಅಂದ್ರೆ ಸುಮ್ಮನಾಗ್ತಾರೆ."

"ಹದಿನಾಲ್ಕಕ್ಕೆ ಬರುತ್ತಾ?"

"ಆಗ್ಬಿ..." ಅಂತ ಶುರು ಮಾಡಿ ಅವಳ ಕಣ್ಣು ನೋಡಿ ನಿಲ್ಲಿಸ್ದ. "ಬರಲ್ಲ. ಹದಿನಾಲ್ಕಕ್ಕೆ ಇನ್ನೊಂದು ಕ್ಷಮೆ ಕೇಳಿ. ನಿಮಗೇನು, ಕೈ ಪಳಗಿದೆ. ಲಾರಿ ಪಲ್ಟಿ ಆಯ್ತು ಅನ್ನಿ. ಆ ಎದುರು ಅಂಗಡಿ ಕುರ್ಚಿ ನಮ್ಮದಲ್ಲ, ಬೇರೆ ಕಂಪನೀದು ಅನ್ನಿ."

"ಅವರು ಕೂತು ಬಂದಿದಾರೆ ಕಣಯ್ಯ. ಬೆನ್ನಿಗೆ ಗೊತ್ತಾಗಲ್ವಾ?" ಅಂದು ಅವಳು ಯಜಮಾನರ ಕೋಣೆಗೆ ನಡೆದ್ಲು.

ಯಜಮಾನರು ಕನ್ನಡಕ ಹಣೆಗೇರಿಸಿಕೊಂಡು ಕನ್ನಡಕ ಹುಡುಕ್ತಿದ್ರು. ಎಲ್ಲಾ ಕೇಳಿದ್ರು. ಅವರಿಗೆ ಗೊತ್ತಿತ್ತೋ ಇಲ್ಲವೋ, ಮುಖ ನೋಡಿ ಹೇಳೋಕಾಗಲ್ಲ. "ಆಗಿದ್ದು ತಪ್ಪೇ. ಆದ್ರೆ ಇದನ್ನೆಲ್ಲ ಬರವಣಿಗೆಲಿ ಕೊಡೋದು ಬೇಡಮ್ಮ. ನಾಳೆ ಅದನ್ನೇ ಹಿಡ್ಕೊಂಡು ಬರ್ತಾರೆ. ಫೋನಲ್ಲಿ ಸಮಾಧಾನ ಮಾಡು. ಇಮೇಲಲ್ಲಿ ಏನೋ ಒಳಗಿನ ತೊಂದರೆ ಅಂತ ಬರಿ."

"ಹಾಗೇ ಬರೆಯೋಣ ಸಾರ್. ಕೆಳಗೆ ಯಾರ ಹೆಸರು ಹಾಕಲಿ?"

"ಅಂದ್ರೆ?"

"ಹಿಂದಿನ ಸುಳ್ಳಿಗೆ ನನ್ನ ಹೆಸರಿದೆ. ನನಗೆ ಗೊತ್ತಿಲ್ದೆ ಬಿತ್ತು. ಗೊತ್ತಿದ್ದೂ ಎರಡನೇದಕ್ಕೆ ಹಾಕೋಕೆ ನನ್ನ ಕೈಲಾಗಲ್ಲ. ನಿಮ್ಮದು ಹಾಕ್ಲಾ?"

ಯಜಮಾನರು ಹಣೆ ಮೇಲಿನ ಕನ್ನಡಕ ಕೊನೆಗೂ ಪತ್ತೆ ಮಾಡಿ, ಇಳಿಸಿಕೊಂಡು ಅವಳನ್ನ ನೋಡಿದ್ರು. ಇಷ್ಟು ವರ್ಷದಲ್ಲಿ ಅವಳು ಅವರನ್ನ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಆ ಮನುಷ್ಯ ಸುಮ್ಮನೆ ಬಿಡೋರಲ್ಲ ಸಾರ್. ಪೂರ್ತಿ ಮುಂಗಡ ವಾಪಸ್ಸು ಕೇಳೋ ಹಕ್ಕಿದೆ ಅವರಿಗೆ, ನಾವೇ ಅದನ್ನ ಹೇಳಿಬಿಡೋದು ವಾಸಿ. ಇನ್ನೊಂದು, ನಮ್ಮ ಷೋರೂಮಲ್ಲಿ ಎರಡು ಕಪ್ಪು ಕುರ್ಚಿ ಇದೆ. ಅವರ ಅಂಗಡಿ ತೆರೆಯೋಕೆ ಅದನ್ನ ಕಳಿಸೋಣ. ಹಸಿರು ಹೋದಾಗ ವಾಪಸ್ಸು ತರೋಣ. ಇವು ಎರಡೂ ನೀವು ಹೂಂ ಅಂದ್ರೆ ಮಾತ್ರ ಬರೀತೀನಿ. ಕೊಡೋಕಾಗದ್ದನ್ನ ಬರೆಯಲ್ಲ."

"ಷೋರೂಮು ಖಾಲಿ ಆಗುತ್ತಲ್ಲಮ್ಮ."

"ಬಂದೋರನ್ನ ನಿಲ್ಲಿಸ್ಕೊಂಡೇ ಮಾತಾಡ್ಸಿ ಸಾರ್, ಬೇಗ ಹೋಗ್ತಾರೆ."

ಯಜಮಾನರಿಗೆ ನಗು ಬಂತು, ತಡ್ಕೊಂಡ್ರು. ಹೂಂ ಅಂದ್ರು. "ಯಾರ ಹೆಸರೂ ಬರೀಬೇಡ, ನಮ್ಮೋರು ಯಾರೂ ಬೀದಿಗೆ ಬೀಳೋದು ಬೇಡ," ಅಂತ ಸೇರಿಸಿದ್ರು.

ಅವಳು ವಾಪಸ್ಸು ಬಂದು ಕೂತ್ಲು. ಬೇರೆ ದಿನ ಆಗಿದ್ರೆ ಬೆರಳು ತಾನಾಗೇ ಓಡೋದು. ಅವತ್ತು ಓಡಲಿಲ್ಲ. ಬರೆದು ಅಳಿಸಿ, ಬರೆದು ಅಳಿಸಿ, ಟೀ ಆರಿ, ಇನ್ನೊಂದು ಟೀನೂ ಆರಿ, ಕೊನೆಗೆ ಇಷ್ಟಾಯ್ತು:

"ವಿಷಯ: ನಿಮ್ಮ ಎರಡು ಹಸಿರು ಕುರ್ಚಿಗಳು – ನಮ್ಮ ತಪ್ಪು ಮತ್ತು ಹೊಸ ತಾರೀಕು.

ನಮಸ್ಕಾರ. ನಾಲ್ಕನೇ ತಾರೀಕು ನಾನು ನಿಮಗೆ ಪಂಪ್ ಬಂದಿಲ್ಲ ಎಂದು ಬರೆದಿದ್ದೆ. ಅದು ನಿಜವಲ್ಲ. ನಿಮ್ಮ ಕುರ್ಚಿಗಳು ತಯಾರಾಗಿದ್ದವು. ಅವನ್ನು ನಾವು ಬೇರೊಬ್ಬ ಗಿರಾಕಿಗೆ ಕಳಿಸಿದೆವು. ನಿಮ್ಮನ್ನು ಕೇಳದೆ ಹಾಗೆ ಮಾಡಿದ್ದು ನಮ್ಮ ತಪ್ಪು. ವಿಚಾರಿಸಿ ನೋಡದೆ ಬರೆದದ್ದು ನನ್ನ ತಪ್ಪು. ಎರಡಕ್ಕೂ ಕ್ಷಮೆ ಕೇಳುತ್ತೇನೆ.

ಈಗ ನಾವು ಮಾಡುವುದು ಇದು. ನಿಮ್ಮ ಅಂಗಡಿ ಹದಿನೈದಕ್ಕೆ ತೆರೆಯಲು ಅಡ್ಡಿಯಾಗದಂತೆ, ಹನ್ನೆರಡನೇ ತಾರೀಕು ಮಧ್ಯಾಹ್ನದೊಳಗೆ ಎರಡು ಕಪ್ಪು ಕುರ್ಚಿಗಳನ್ನು ತಂದು ಜೋಡಿಸಿಕೊಡುತ್ತೇವೆ. ಇವು ನಮ್ಮ ಷೋರೂಮಿನಲ್ಲಿ ಇಟ್ಟಿದ್ದವು, ಒಂದರ ಕೈಯ ಮೇಲೆ ಸಣ್ಣ ಗೀರು ಇದೆ. ಇದಕ್ಕೆ ನೀವು ಏನೂ ಕೊಡಬೇಕಿಲ್ಲ.

ನಿಮ್ಮ ಹಸಿರು ಕುರ್ಚಿಗಳನ್ನು ಹೊಸದಾಗಿ ಮಾಡಬೇಕು. ರೆಕ್ಸಿನ್ ತರಿಸಲು ಒಂದು ವಾರ ಬೇಕು. ಇಪ್ಪತ್ತಾರನೇ ತಾರೀಕು ಅವು ನಿಮ್ಮ ಅಂಗಡಿಗೆ ಬರುತ್ತವೆ. ಅದಕ್ಕಿಂತ ಮುಂಚೆ ಎಂದು ನಾನು ಹೇಳಲಾರೆ. ಕಪ್ಪು ಕುರ್ಚಿಗಳನ್ನು ಅದೇ ದಿನ ವಾಪಸ್ಸು ಒಯ್ಯುತ್ತೇವೆ. ಎಲ್ಲ ಸಾಗಣೆ ನಮ್ಮದೇ.

ಬಣ್ಣ ಬದಲಿಸಬೇಕೆಂದರೆ ನಾಳೆ ಸಂಜೆಯೊಳಗೆ ತಿಳಿಸಿ. ಆರ್ಡರೇ ಬೇಡವೆಂದರೆ ಅದನ್ನೂ ತಿಳಿಸಿ, ನಿಮ್ಮ ಪೂರ್ತಿ ಮುಂಗಡ ಈ ವಾರದಲ್ಲೇ ಹಿಂದಿರುಗಿಸುತ್ತೇವೆ."

ಕೆಳಗೆ ಹೆಸರು, ಫೋನ್ ನಂಬರು. ಕಳಿಸಿ, ಕಂಪ್ಯೂಟರ್ ಕಡೆಗೆ ಬೆನ್ನು ಹಾಕಿ ಕೂತ್ಲು.

ಸಂಜೆ ಮನೆಗೆ ಹೋಗೋಷ್ಟರಲ್ಲಿ ತಂಗಿ ಫೋನು. "ಏನಕ್ಕ ನೀನು, ಎಲ್ಲಾ ಬರೆದು ಕಳಿಸಿದೆಯಂತೆ. ಇವರ ಕೆಲಸಕ್ಕೆ ಸಂಚಕಾರ ತರ್ತೀಯಾ? ಸ್ವಂತ ತಂಗಿ ಗಂಡ ಅನ್ನೋ ಕರುಣೆನೂ ಬೇಡ್ವಾ?"

"ಅವನ ಹೆಸರು ಬರೆದಿಲ್ಲ ಕಣೇ. ನನ್ನ ಹೆಸರು ಬರೆದಿದೀನಿ."

"ಎರಡು ಕುರ್ಚಿಗೆ ಇಷ್ಟು ರಾದ್ಧಾಂತ! ಯಾರೋ ಕೂದಲು ಕತ್ತರಿಸೋನಿಗೋಸ್ಕರ..."

"ನಿನ್ನ ಗಂಡ ನನ್ನನ್ನ ಯಾರು ಅಂತ ತಿಳ್ಕೊಂಡು ಆ ಕುರ್ಚಿ ತಿರುಗಿಸ್ದ, ಅದನ್ನ ಕೇಳಿದ್ಯಾ?"

ತಂಗಿ ಕೇಳಿರಲಿಲ್ಲ. ಕೇಳೋ ಮನಸ್ಸೂ ಇರಲಿಲ್ಲ. "ನೀನು ಯಾವಾಗ್ಲೂ ಹೀಗೇ" ಅಂತ ಫೋನಿಟ್ಲು. ಯಾವಾಗ್ಲೂ ಹೇಗೆ ಅಂತ ಅವಳೂ ಹೇಳಲಿಲ್ಲ, ಇವಳಿಗೂ ಗೊತ್ತಾಗಲಿಲ್ಲ.

ಮಾರನೇ ದಿನ ಸಂಜೆ, ಇನ್ನೇನು ಹೊತ್ತು ಮುಗೀತು ಅನ್ನೋವಾಗ ಉತ್ತರ ಬಂತು. "ಕಪ್ಪು ಕುರ್ಚಿ ಕಳಿಸಿ. ಹಸಿರು ಹಸಿರೇ ಇರಲಿ. ಮೊದಲು ಆರಿಸಿದ್ದು ನಾನು." ನಮಸ್ಕಾರ ಇರಲಿಲ್ಲ, ಮೇಡಂ ಇರಲಿಲ್ಲ.

ಹನ್ನೆರಡಕ್ಕೆ ಕಪ್ಪು ಹೋಯ್ತು. ಹದಿನೈದಕ್ಕೆ ಅಂಗಡಿ ತೆರೀತು. ಹಸಿರು ರೆಕ್ಸಿನ್ ಸರಿಯಾಗಿ ಎರಡು ದಿನ ತಡವಾಗಿ ಬಂತು. ಅಷ್ಟು ದಿನವೂ ಕ್ಷಮಿಸಮ್ಮ ಮಂಡಿಗೆ ಪಟ್ಟಿ ಸುತ್ಕೊಂಡು ಮೆಟ್ಟಿಲಿಳಿದು, ಹತ್ತಿ, ಇಳಿದು, ಹತ್ತಿ. ಮಧ್ಯಾಹ್ನ ಡಬ್ಬಿ ಮಾತ್ರ ಮೇಲೇ, ಒಬ್ಬಳೇ. ಕೆಳಗಿಂದ ಯಾರೂ ಕೂಗಲಿಲ್ಲ. ಅವನಿಗೆ ಕೂಗೋ ಧೈರ್ಯ ಬರಲಿಲ್ಲ, ಇವಳಿಗೆ ಕೇಳೋ ಆಸೆ ಇರಲಿಲ್ಲ ಅಂತ ಹೇಳಿದ್ರೆ ಅದು ಪೂರ್ತಿ ನಿಜ ಆಗಲ್ಲ. ಬೆಳಗ್ಗೆ ಅವನು ಬರೋ ಹೊತ್ತಾದ್ರೆ ಕಿವಿ ತಾನಾಗೇ ಆ ಕಡೆ ಹೋಗೋದು.

ಇಪ್ಪತ್ತಾರಕ್ಕೆ ವ್ಯಾನ್ ಡ್ರೈವರ್ ರಜ. ಓಡಿಸಿದ್ದು ತಂಗಿ ಗಂಡ. ಅವಳೂ ಹತ್ತಿ ಪಕ್ಕಕ್ಕೆ ಕೂತ್ಲು. ದಾರಿ ಉದ್ದಕ್ಕೂ ಮಾತಾಡಿದ್ದು ವ್ಯಾನಿನ ಸೈಲೆನ್ಸರ್ ಒಂದೇ.

ಅಂಗಡಿ ಚಿಕ್ಕದು, ಕನ್ನಡಿ ದೊಡ್ಡದು. ಹಸಿರು ಕುರ್ಚಿಯೋರು ಕಪ್ಪು ಕುರ್ಚಿಲಿ ಒಬ್ಬರಿಗೆ ಗಡ್ಡ ತೆಗೀತಿದ್ರು. ಕೈ ನಿಲ್ಲಿಸಲಿಲ್ಲ. ಅದು ಮುಗಿದ ಮೇಲೆ ಬಂದು, ಎರಡೂ ಹಸಿರು ಕುರ್ಚಿಲಿ ಒಂದೊಂದ್ಸಲ ಕೂತು, ಪಂಪ್ ಒತ್ತಿ, ಅಂಚಿನ ಹಳದಿ ಪಟ್ಟಿ ಉದ್ದಕ್ಕೂ ಬೆರಳಾಡಿಸಿದ್ರು. ರಸ್ತೆ ಆ ಕಡೆ ಗಾಜಿನ ಹಿಂದೆ ಅವರ ಮೊದಲಿನ ಕುರ್ಚಿಗಳು ಕಾಣ್ತಿದ್ವು. ಆ ಕಡೆ ನೋಡಲಿಲ್ಲ.

"ನೀವೇನಾ?" ಅಂದ್ರು.

"ನಾನೇ ಸಾರ್."

"ಎರಡನೇದು ಓದಿದೆ. ನಿಜ ಬರೆದಿದೀರಿ. ಆದ್ರೆ ಮೊದಲನೇದೂ ಹಾಗೇ ಇತ್ತಲ್ಲ ಓದೋಕೆ. ಅಷ್ಟೇ ಚೆನ್ನಾಗಿತ್ತು." ಚೀಟಿಗೆ ಸಹಿ ಹಾಕಿ ಕೊಟ್ರು. "ಇನ್ನು ಮೇಲೆ ಏನಾದ್ರೂ ಬೇಕಾದ್ರೆ ನಾನೇ ಬಂದು ನೋಡಿ ತಗೊಂಡು ಹೋಗ್ತೀನಿ."

ಅವಳು ಚೀಟಿ ಮಡಚಿಕೊಂಡ್ಲು. ತಲೆಯಾಡಿಸಿ ಬಂದ್ಲು.

ಕಪ್ಪು ಕುರ್ಚಿ ಹಿಂದೆ ಹೇರಿಕೊಂಡು ವಾಪಸ್ಸು ಹೊರಟ್ರು. ಸಿಗ್ನಲ್ಲಲ್ಲಿ ವ್ಯಾನು ನಿಂತಾಗ ತಂಗಿ ಗಂಡ ಸ್ಟೀರಿಂಗ್ ನೋಡ್ತಾನೇ ಅಂದ, "ತಪ್ಪಾಯ್ತು ಅತ್ತಿಗೆ. ಕ್ಷಮಿಸಿಬಿಡಿ."

"ಏನು ತಪ್ಪಾಯ್ತು?"

"ಅದೇ... ಏನೋ ಆಗೋಯ್ತು. ಪರಿಸ್ಥಿತಿ ಹಾಗಿತ್ತು."

"ಯಾರು ಮಾಡಿದ್ದು?"

ಸಿಗ್ನಲ್ ಹಸಿರಾಯ್ತು. ಹಿಂದಿನೋರು ಹಾರ್ನ್ ಹೊಡೆದ್ರು.

"ಇಂಥ ಕ್ಷಮಾಪಣೆ ನಾನು ಒಬ್ಬ ಗಿರಾಕಿಗೆ ಕಳಿಸಿದ್ರೆ ನನ್ನ ಕೆಲಸ ಅವತ್ತೇ ಹೋಗ್ತಿತ್ತು ಕಣೋ," ಅಂದ್ಲು ಅವಳು. "ನಡಿ, ಗಾಡಿ ಬಿಡು. ಬರೆಯೋಕೆ ಬಂದಾಗ ಹೇಳು, ಓದ್ತೀನಿ."

ಅವನು ಗೇರ್ ಹಾಕ್ದ. ಅವಳು ಕಿಟಕಿ ಕಡೆ ತಿರುಗಿ ಮಂಡಿ ಒತ್ತಿಕೊಳ್ತಾ ಕೂತ್ಲು. ಕಾರ್ಖಾನೆ ಗೇಟು ಬರೋವರೆಗೂ ಅವನು ಎರಡು ಮೂರು ಸಲ ಗಂಟಲು ಸರಿಮಾಡಿಕೊಂಡ.